ಸ್ಟೆಂಟ್ ಹಾಕಿದ ಮ್ಯಾಲೆ ವಿಮಾನ ಹತ್ತೋದು: ಆ ಲೆಟರ್‌ನಾಗ ಏನೇನ್ ಇರ್ಬೇಕು

"ಮೇಡಂ, ಒಂದ್ ಲೆಟರ್ ಬರದ್ ಕೊಡ್ರಿ, ಅವ್ವಗ ವಿಮಾನದಾಗ ಕೂಡ್ಸತಾರಂತ" ಅಂತ ಹೇಳ್ಕೋತ ಮಗ ಒಳಗ ಬಂದ. ಹಿಂದ ಅವ್ವ, 58 ವರ್ಷ, ಆಳಂದ ಕಡಿಯವರು. ಹನ್ನೆರಡು ದಿನದ ಹಿಂದ ಹಾರ್ಟ್ ಅಟ್ಯಾಕ್ ಆಗಿ ಇಲ್ಲೇ ಕಲಬುರಗಿನಾಗ ಆಂಜಿಯೋಪ್ಲಾಸ್ಟಿ ಮಾಡಿ ಒಂದು ಸ್ಟೆಂಟ್ ಹಾಕ್ಯಾರ. ಮಗಳು ದುಬೈನಾಗ, ಚೊಚ್ಚಲ ಹೆರಿಗಿ, ಬಾಣಂತನಕ್ಕ ಅವ್ವ ಹೋಗ್ಲೇಬೇಕು. ಟಿಕೆಟ್ ಹೈದರಾಬಾದ್‌ನಿಂದ, ನಾಕು ದಿನ ಬಿಟ್ಟು. ಕೈಯಾಗ ಆಗ್ಲೇ ಒಂದು ಲೆಟರ್ ಇತ್ತು, ಬ್ಯಾರೆ ಕಡಿ ಬರಸ್ಕೊಂಡು ಬಂದದ್ದು. ಅದ್ರಾಗ ಇದ್ದದ್ದು ಒಂದೇ ಸಾಲು: ಇವರು ವಿಮಾನ ಪ್ರಯಾಣಕ್ಕೆ ಫಿಟ್ ಅದಾರ. ಕೆಳಗ ಸಹಿ, ಅದು ಯಾರ್ದಂತ ಓದಾಕ ಬರಲ್ಲ. ತಾರೀಕು ಇಲ್ಲ, ಏನ್ ಆಪರೇಷನ್ ಆಗ್ಯದ ಅಂತ ಇಲ್ಲ, ಒಂದು ಗುಳಿಗಿ ಹೆಸ್ರೂ ಇಲ್ಲ.

ಇಂಥಾ ಲೆಟರ್ ತಗೊಂಡು ಹೋದವರನ್ನ ಚೆಕ್-ಇನ್ ಕೌಂಟರ್‌ನಾಗ ನಿಲ್ಲಿಸಿ, ರಾತ್ರಿ ಹನ್ನೊಂದಕ್ಕ ನನಗ ಫೋನ್ ಹಚ್ಚಿದ್ದು ಒಂದೆರಡು ಸಲ ಆಗ್ಯದ. ಹೋದ ವರ್ಷ ಒಬ್ಬ ಕಾಕಾ ಹಂಗೇ ವಾಪಸ್ ಬಂದ್ರು, ಟಿಕೆಟ್ ರೊಕ್ಕ ಹೋಯ್ತು. ಕೌಂಟರ್ ಹುಡುಗಿದು ತಪ್ಪಂತ ನಾನು ಹೇಳಲ್ಲ, ಎದಿ ಆಪರೇಷನ್ ಆದ ಮನುಷ್ಯ ಎದುರಿಗಿ ನಿಂತಾನ, ಕಾಗದದಾಗ ಏನೂ ಇಲ್ಲ, ಆಕಿಯರ ಏನ್ ನೋಡಿ ಕಳಸ್ಬೇಕು?

ಆ ಕಾಗದ ಓದೋರು ಮೂರ್ ಮಂದಿ. ಮೊದ್ಲು ಏರ್‌ಲೈನ್‌ದವರು, ಆಮ್ಯಾಲೆ ಕಸ್ಟಮ್ಸ್ ಇಲ್ಲಾ ಸೆಕ್ಯೂರಿಟಿದವರು, ಮೂರನೇದವರು ಗುರ್ತಿಲ್ಲದ ಒಬ್ಬ ಡಾಕ್ಟರ್, ವಿಮಾನದಾಗ ಏನರ ಆದ್ರ ಎದ್ದು ಬರೋರು ಅಥವಾ ಆ ಊರಿನ ಎಮರ್ಜೆನ್ಸಿನಾಗ ಇರೋರು. ಮೂರೂ ಮಂದಿಗೆ ಪೇಷಂಟ್ ಯಾರಂತ ಗೊತ್ತಿಲ್ಲ, ಮೂರೂ ಮಂದಿಗೆ ಬೇಕಾದ್ದು ಬ್ಯಾರೆ ಬ್ಯಾರೆ. ನಾನು ಬರಿಯೋವಾಗ ಪ್ರತಿ ಸಾಲೂ ಈ ಮೂವರೊಳಗ ಯಾರಿಗಂತ ಕೇಳ್ಕೊಂಡೇ ಬರೀತೀನಿ.

ಮೊದ್ಲು ವಿಮಾನ ಹತ್ತಿದ್ರ ಹಾರ್ಟಿಗೆ ಏನಾಗ್ತದ ಅಂತ ನೋಡೋಣ, ಯಾಕಂದ್ರ ಏರ್‌ಲೈನ್‌ದವರು ಕೇಳೋದೆಲ್ಲ ಅಲ್ಲಿಂದಾನೇ ಬರ್ತದ. ವಿಮಾನದ ಒಳಗ ಗಾಳಿ ಒತ್ತಡ ನೆಲದ ಮ್ಯಾಲಿದ್ದಂಗ ಇರಂಗಿಲ್ಲ, ಸುಮಾರು 6,000 ರಿಂದ 8,000 ಅಡಿ ಎತ್ತರದ ಗುಡ್ಡದ ಮ್ಯಾಲೆ ಕುಂತಂಗ ಇರ್ತದ. 8,000 ಅಡಿ ಅಂದ್ರ ಹತ್ತಿರ ಹತ್ತಿರ 2,440 ಮೀಟರ್, ನಮ್ಮ ರಾಜ್ಯದಾಗ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿನೇ 1,930 ಮೀಟರ್. ಅಲ್ಲಿ ಗಾಳಿಯಾಗ ಆಕ್ಸಿಜನ್ ಪಾಲು ಅಷ್ಟೇ ಇದ್ರೂ ಒತ್ತಡ ಕಡಿಮಿ ಆಗೋದ್ರಿಂದ, ನೆಲದ ಮ್ಯಾಲೆ 21ರ ಬದ್ಲು 15 ಪರ್ಸೆಂಟ್ ಆಕ್ಸಿಜನ್ ಉಸಿರಾಡಿದಂಗ ಆಗ್ತದ. ಬೆರಳಿಗೆ ಹಾಕೋ ಮಷೀನ್‌ನಾಗ 97 ತೋರ್ಸೋರಿಗೆ ಅಲ್ಲಿ 90 ರಿಂದ 93ರ ಸುತ್ತಮುತ್ತ ತೋರಿಸ್ತದ. ಗಟ್ಟಿ ಇದ್ದವರಿಗೆ ಗೊತ್ತೇ ಆಗಲ್ಲ, ಹಾರ್ಟ್ ಸ್ವಲ್ಪ ಜೋರಾಗಿ ಬಡದು ಸರಿ ಮಾಡ್ಕೋತದ. ಆದ್ರ ಅಟ್ಯಾಕ್ ಆಗಿ ವಾರ ಆಗಿಲ್ಲ, ಪಂಪಿಂಗ್ ಕಮ್ಮಿ ಅದ, ಇನ್ನೊಂದು ನಾಳ ಇನ್ನೂ ಬ್ಲಾಕ್ ಅದ ಅಂದ್ರ ಆ ಜೋರಾಗಿ ಬಡಿಯೋದೇ ಅದಕ್ಕ ಭಾರ ಆಗ್ತದ. ಅಟ್ಯಾಕ್ ಆದ ಮೊದಲ ದಿನಗಳಾಗೇ ಹಾರ್ಟ್ ಬಡಿತ ತಪ್ಪೋದು, ಮತ್ತೊಂದು ಅಟ್ಯಾಕ್ ಬರೋದು ಹೆಚ್ಚು, ಅದಕ್ಕೇ ದಿನ ಎಣಸೋದು.

ಎಷ್ಟು ದಿನ ಅಂತ ಎಲ್ಲಾರೂ ಕೇಳ್ತಾರ. ಅಟ್ಯಾಕ್ ಇಲ್ಲದ, ಮೊದ್ಲೇ ತಾರೀಕು ಗೊತ್ತು ಮಾಡಿ ಸ್ಟೆಂಟ್ ಹಾಕಿಸ್ಕೊಂಡವರು, ಏನೂ ತೊಂದ್ರಿ ಇಲ್ಲಂದ್ರ ಮೂರು ದಿನ, ಐದು ದಿನ ಬಿಟ್ಟು ಹೋಗ್ಬಹುದು. ಅಟ್ಯಾಕ್ ಆದವರಿಗೆ ಸಾಮಾನ್ಯವಾಗಿ ಹತ್ತು ದಿನದ ಲೆಕ್ಕ ಇಟ್ಕೋರಿ, ಅದಕ್ಕೂ ಮೊದ್ಲು ಹೋಗ್ತೀವಿ ಅಂದ್ರ ಏರ್‌ಲೈನ್‌ನ ಡಾಕ್ಟರ್ ಒಬ್ಬೊಬ್ಬರದೇ ಕಾಗದ ನೋಡಿ ಹೇಳ್ತಾರ. ಬೈಪಾಸ್ ಆದವರದು ಬ್ಯಾರೆ ಕತಿ, ಎದಿ ತೆರೆದಾಗ ಒಳಗ ಉಳದ ಗಾಳಿ ಮ್ಯಾಲೆ ಹೋದಂಗ ಹಿಗ್ಗತದ, ಅವರಿಗೆ ಹತ್ತು ದಿನದ ಒಳಗ ಅಂತೂ ಬ್ಯಾಡ, ಆಮ್ಯಾಲೂ ಎಕ್ಸರೇ ನೋಡೇ ಹೇಳ್ಬೇಕು. ಇಲ್ಲಿ ಆ ವಿಷಯ ಬಿಡ್ತೀನಿ.

ಅವ್ವನದು ಹಾರೋ ದಿನಕ್ಕ ಹದಿನಾರು ದಿನ ಆಗ್ತಿತ್ತು, ದಿನದ ಲೆಕ್ಕ ಸರಿ ಅದ. ಆದ್ರ ಬರೇ ದಿನ ಎಣಸಿ ಸಹಿ ಹಾಕಾಕ ಬರಲ್ಲ. ಎಕೋ ಮತ್ತೊಮ್ಮೆ ಮಾಡ್ಸಿದೆ, ಪಂಪಿಂಗ್, ಅಂದ್ರ ಒಂದೊಂದು ಬಡಿತಕ್ಕ ಹಾರ್ಟ್ ಹೊರಗ ದೂಡೋ ರಕ್ತದ ಪಾಲು, 48 ಪರ್ಸೆಂಟ್ ಬಂತು. ಇದು 40ಕ್ಕಿಂತ ಕೆಳಗ ಇದ್ದು ಕಾಲಿಗೆ ಬಾವು, ಮಲಗಿದ್ರ ದಮ್ಮು ಇತ್ತಂದ್ರ ನಾನು ಲೆಟರ್ ಕೊಡ್ತಿದ್ದಿಲ್ಲ, ಎಷ್ಟು ದಿನ ಆಗಿದ್ರೂ. ಇಸಿಜಿ ಹೊಸಾದು ಏನಿಲ್ಲ. ಬಲಗೈ ಮಣಿಕಟ್ಟಿನಿಂದ ತಂತಿ ಹಾಕಿದ್ರು, ಅಲ್ಲಿ ಬಾವು ಇಲ್ಲ, ನಾಡಿ ಸಿಗ್ತದ. ಆಮ್ಯಾಲೆ ವಾರ್ಡ್ ಕಾರಿಡಾರ್‌ನಾಗ ನನ್ನ ಜೋಡಿ ನಡಸ್ದೆ, 50 ಮೀಟರ್ ಆಗೋಷ್ಟು, ಮತ್ತ ಒಂದು ಅಂತಸ್ತಿನ ಮೆಟ್ಲು ಹತ್ಸಿದೆ. ಹತ್ತಿ ಮ್ಯಾಲೆ ನಿಂತು "ಇಷ್ಟೇ ಏನ್ರೀ ಮೇಡಂ, ನಾ ಮನ್ಯಾಗ ದಿನಾ ಮಾಳಿಗಿ ಹತ್ತತೀನಿ" ಅಂದ್ರು, ಪೂರಾ ವಾಕ್ಯ, ನಡುವ ದಮ್ಮು ಕಟ್ಟದೆ. ಆ ಪರೀಕ್ಷೆ ಭಾಳ ಸಾದಾ ಕಾಣ್ತದ, ಆದ್ರ ನಡದು ಮೆಟ್ಲು ಹತ್ತಿದಾಗ ಎದಿ ನೋವು, ದಮ್ಮು ಬರ್ಲಿಲ್ಲಂದ್ರ ವಿಮಾನದಾಗ ಕುಂತಿರೋ ಹಾರ್ಟಿಗೆ ಆ ಸ್ವಲ್ಪ ಕಡಿಮಿ ಆಕ್ಸಿಜನ್ ತಡಿಯೋ ತಾಕತ್ ಅದ ಅಂತ ತಿಳ್ಕೋಬಹುದು.

ಇದನ್ನೆಲ್ಲ ಲೆಟರಿನ ಮ್ಯಾಲಿನ ಭಾಗದಾಗ ಬರಿಯೋದು, ಅದು ಏರ್‌ಲೈನ್‌ದವರಿಗೆ. ಪಾಸ್‌ಪೋರ್ಟ್‌ನಾಗ ಇದ್ದಂಗೇ ಹೆಸ್ರು (ನಮ್ಮ ಕಡಿ ಆಸ್ಪತ್ರಿ ಫೈಲ್‌ನಾಗ ಒಂದ್ ಹೆಸ್ರು, ಪಾಸ್‌ಪೋರ್ಟ್‌ನಾಗ ಒಂದ್ ಹೆಸ್ರು ಇರೋದು ಭಾಳ, ನೋಡ್ಕೋರಿ), ವಯಸ್ಸು, ಅಟ್ಯಾಕ್ ಆದ ತಾರೀಕು, ಸ್ಟೆಂಟ್ ಹಾಕಿದ ತಾರೀಕು, ಯಾವ ನಾಳಕ್ಕ, ಈಗ ಪಂಪಿಂಗ್ ಎಷ್ಟು, ಬಿಪಿ, ನಾಡಿ, ಆಕ್ಸಿಜನ್ ಎಷ್ಟು. ಎದಿ ನೋವಿಲ್ಲ, 50 ಮೀಟರ್ ನಡದು ಮೆಟ್ಲು ಹತ್ತತಾರ, ವಿಮಾನದಾಗ ಆಕ್ಸಿಜನ್ ಬೇಕಾಗಲ್ಲ, ಇಂಥಾ ತಾರೀಕಿಗೆ ಇಂಥಾ ಊರಿಂದ ಇಂಥಾ ಊರಿಗೆ ಹೋಗ್ಬಹುದು. ಭಾರ ಎತ್ಬಾರ್ದು, ಏರ್‌ಪೋರ್ಟ್‌ನಾಗ ವೀಲ್‌ಚೇರ್ ಕೊಡ್ರಿ. ಈ ವೀಲ್‌ಚೇರ್ ಅಂದ್ರ ಮಂದಿ ನಾಚ್ಕೋತಾರ, ಮನಿ ಮೆಟ್ಲು ಹತ್ತೋರಿಗೆ ಯಾಕಂತ. ಹೈದರಾಬಾದಿನ ಶಂಶಾಬಾದ್ ಏರ್‌ಪೋರ್ಟ್ ನೋಡಿದವರಿಗೆ ಗೊತ್ತು, ಗೇಟಿನ ತನಕ ಎಷ್ಟು ದೂರ ನಡೀಬೇಕಂತ, ಅದೂ ಕೈಯಾಗ ಬ್ಯಾಗ್ ಹಿಡ್ಕೊಂಡು, ಹೊತ್ತಾತಂತ ಗಡಿಬಿಡಿ ಮಾಡ್ಕೋತ.

ಕೆಳಗ ಡಾಕ್ಟರ್ ಹೆಸ್ರು ಅಚ್ಚಿನಾಗ, ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್, ಸೀಲು, ರಾತ್ರಿ ಎತ್ತೋ ಫೋನ್ ನಂಬರ್, ಮತ್ತ ತಾರೀಕು. ತಾರೀಕು ಯಾಕಂದ್ರ ಭಾಳ ಏರ್‌ಲೈನ್‌ದವರು ಹಳೇ ಲೆಟರ್ ತಗೊಳ್ಳಲ್ಲ, ಪ್ರಯಾಣಕ್ಕ ಇಷ್ಟು ದಿನದ ಒಳಗ ಬರದದ್ದೇ ಆಗ್ಬೇಕಂತ ಇರ್ತದ, ಆ ದಿನ ಒಂದೊಂದು ಏರ್‌ಲೈನಿಗೆ ಒಂದೊಂದು. ಕೆಲವರು ಬರೇ ಲೆಟರ್ ಸಾಲದು, ತಮ್ಮದೇ ಫಾರ್ಮ್ ತುಂಬ್ರಿ ಅಂತಾರ, ಅದಕ್ಕ ಮೆಡಿಫ್ ಅಂತ ಹೆಸ್ರು, ಒಂದು ಭಾಗ ಪ್ರಯಾಣಿಕರು ತುಂಬೋದು, ಒಂದು ಭಾಗ ಡಾಕ್ಟರ್ ತುಂಬೋದು. ಅದನ್ನ ಹಾರೋದಕ್ಕ ಎರಡು ಮೂರು ದಿನ ಮೊದ್ಲೇ ಕಳಸ್ಬೇಕಾಗ್ತದ, ಅದಕ್ಕ ಟಿಕೆಟ್ ತಗೊಂಡ ದಿನಾನೇ ಏರ್‌ಲೈನಿಗೆ ಫೋನ್ ಹಚ್ಚಿ ಕೇಳ್ರಿ. ಇವರ ಮಗ ಕೇಳಿದ್ದಿಲ್ಲ, ನನ್ನ ಮುಂದ ಕುಂತೇ ಫೋನ್ ಮಾಡಿದ, ಫಾರ್ಮ್ ಬೇಕೇ ಬೇಕಂದ್ರು.

ಇನ್ನ ಗುಳಿಗಿ. ಲೆಟರ್‌ನಾಗ ನನಗ ಹೆಚ್ಚು ಹೊತ್ತು ಹಿಡಿಯೋದು ಇದೇ.

"ಯಾವ ಯಾವ ಗುಳಿಗಿ ತಗೋತೀರಿ ತಗೀರಿ" ಅಂದೆ. ಅವ್ವ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಚೀಲ ತಗದು, ಗಂಟು ಬಿಚ್ಚಿ ಟೇಬಲ್ ಮ್ಯಾಲೆ ಸುರವಿದ್ರು. ಸ್ಟ್ರಿಪ್ಪೆಲ್ಲ ಕತ್ರಿಲಿಂದ ಕತ್ತರ್ಸಿ ಒಂದೊಂದು ಗುಳಿಗಿ ಬ್ಯಾರೆ ಬ್ಯಾರೆ ಮಾಡ್ಯಾರ, ಮುಂಜಾನಿದಕ್ಕ ಬಿಳಿ ದಾರ, ರಾತ್ರಿದಕ್ಕ ಕರಿ ದಾರ ಸುತ್ಯಾರ. ಮನ್ಯಾಗ ತಪ್ಪದಂಗ ತಗೊಳ್ಳಾಕ ಇದು ಭಾಳ ಚೊಲೋ ಉಪಾಯ, ಓದಾಕ ಬರದವರು ಇಷ್ಟು ಜೋಪಾನ ಮಾಡ್ತಾರಂದ್ರ ನನಗ ಖುಷಿನೇ. ಆದ್ರ ಕತ್ತರ್ಸಿದ ತುಂಡಿನ ಮ್ಯಾಲೆ ಹೆಸ್ರು ಅರ್ಧ ಹೋಗ್ಯದ, ಎಕ್ಸ್‌ಪೈರಿ ತಾರೀಕು ಪೂರಾ ಹೋಗ್ಯದ. ಕಸ್ಟಮ್ಸ್‌ನವರಿಗೆ ಇದು ಹೆಸರಿಲ್ಲದ ಗುಳಿಗಿ ಗಂಟು. ಅದಕ್ಕ ಪ್ರಯಾಣಕ್ಕ ಪೂರಾ ಸ್ಟ್ರಿಪ್, ಮೆಡಿಕಲ್ ಅಂಗಡಿ ಬಿಲ್ ಜೋಡಿ. ದಾರ ಬೇಕಂದ್ರ ಪೂರಾ ಸ್ಟ್ರಿಪ್ಪಿಗೇ ಸುತ್ರಿ ಅಂತ ಹೇಳ್ದೆ.

ಎರಡನೇದು, ಹೆಸ್ರು. ನಮ್ಮಲ್ಲಿ ಎಲ್ಲಾರೂ ಕಂಪನಿ ಹೆಸ್ರಿನ ಮ್ಯಾಲೇ ಗುಳಿಗಿ ಕರೀತಾರ, ಡಾಕ್ಟರೂ ಹಂಗೇ ಬರೀತಾರ. ಅದೇ ಹೆಸ್ರು ದುಬೈನಾಗ ಇರಬೇಕಂತ ಇಲ್ಲ. ಅದಕ್ಕ ಲೆಟರ್‌ನಾಗ ಔಷಧಿದ ಮೂಲ ಹೆಸ್ರು ಬರೀಬೇಕು, ಅದ್ರ ಮುಂದ ಎಷ್ಟು ಮಿಲಿಗ್ರಾಂ, ದಿನಕ್ಕ ಎಷ್ಟು ಸಲ, ಯಾಕ, ಒಟ್ಟು ಎಷ್ಟು ಗುಳಿಗಿ ಒಯ್ತಾರ. ಇಕೋಸ್ಪ್ರಿನ್ ಅಂತಲ್ಲ, ಆಸ್ಪಿರಿನ್ 75 ಅಂತ. ಎರಡು ಮೂರು ಔಷಧಿ ಕೂಡ್ಸಿದ ಕ್ಯಾಪ್ಸೂಲ್ ಇದ್ರ ಒಳಗ ಏನೇನ್ ಅವ ಬಿಡ್ಸಿ ಬರೀಬೇಕು, ಇಲ್ಲಂದ್ರ ಅಲ್ಲಿಯ ಡಾಕ್ಟರ್ ಗೊತ್ತಿಲ್ಲದೇ ಅದೇ ಆಸ್ಪಿರಿನ್ ಮತ್ತೊಮ್ಮೆ ಕೊಡ್ತಾರ.

ಅವ್ವನ ಪಟ್ಟಿನಾಗ ಇದ್ದದ್ದು ಇವು. ಸ್ಟೆಂಟ್‌ನಾಗ ರಕ್ತ ಹೆಪ್ಪುಗಟ್ಟದಂಗ ಎರಡು: ಆಸ್ಪಿರಿನ್ 75 ದಿನಕ್ಕ ಒಂದು, ಟಿಕಾಗ್ರೆಲಾರ್ 90 ದಿನಕ್ಕ ಎರಡು, ಮುಂಜಾನಿ ಎಂಟು ರಾತ್ರಿ ಎಂಟು. ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್, ಬಡಿತ ಮತ್ತ ಬಿಪಿಗೆ ಎರಡು, ಹೊಟ್ಟಿ ಉರಿಗೆ ಒಂದು, ಶುಗರ್‌ಗೆ ಮೆಟ್‌ಫಾರ್ಮಿನ್. ಎದಿ ನೋವು ಬಂದ್ರ ಮಾತ್ರ ನಾಲಿಗಿ ಕೆಳಗ ಇಡೋ ಸಾರ್ಬಿಟ್ರೇಟ್ 5, ಅದ್ರ ಮೂಲ ಹೆಸ್ರು ಐಸೋಸಾರ್ಬೈಡ್ ಡೈನೈಟ್ರೇಟ್.

ಇಷ್ಟರಾಗ ಒಂದೇ ಒಂದು ಹೊತ್ತೂ ತಪ್ಪಬಾರದ್ದು ಟಿಕಾಗ್ರೆಲಾರ್. ಸ್ಟೆಂಟ್ ಅಂದ್ರ ನಾಳದಾಗ ಇಟ್ಟ ಸಣ್ಣ ಲೋಹದ ಜಾಳಗಿ, ಅದ್ರ ಮ್ಯಾಲೆ ನಾಳದ ಒಳಪದರ ಬೆಳದು ಮುಚ್ಚೋ ತನಕ ರಕ್ತ ಅದನ್ನ ಹೊರಗಿನ ವಸ್ತು ಅಂತಾನೇ ತಿಳ್ಕೊಂಡು ಹೆಪ್ಪುಗಟ್ಟಾಕ ನೋಡ್ತದ. ಮೊದಲ ತಿಂಗಳು ಈ ಅಪಾಯ ಎಲ್ಲಕ್ಕಿಂತ ಹೆಚ್ಚು, ಅವ್ವ ಹೊಂಟಿದ್ದು ಸರಿಯಾಗಿ ಆ ತಿಂಗಳಾಗೇ. ಅದೂ ಅಲ್ದೆ ಈ ಗುಳಿಗಿ ಹನ್ನೆರಡು ತಾಸಿನ ಲೆಕ್ಕದ್ದು, ದಿನಕ್ಕೊಂದು ಗುಳಿಗಿ ಹಂಗ ಮುಂಜಾನಿ ಬಿಟ್ಟಿದ್ದು ಸಂಜಿಗೆ ತಗೊಂಡ್ರ ನಡೀತದ ಅನ್ನಂಗಿಲ್ಲ. ಒಂದು ಹೊತ್ತು ಮರೆತ್ರ ಮುಂದಿನ ಹೊತ್ತಿಗೆ ಒಂದೇ ತಗೋಬೇಕು, ಎರಡು ಕೂಡ್ಸಿ ನುಂಗಬಾರ್ದು.

ಲೆಕ್ಕ ಹಾಕಿದ್ವಿ. ಅರವತ್ತು ದಿನ ಇರ್ತಾರ, ಟಿಕೆಟ್ ಮುಂದ ಹೋದ್ರ, ಕೂಸಿಗೆ ಏನರ ಆದ್ರ ಅಂತ ಹತ್ತು ದಿನ ಹೆಚ್ಚಿಗಿ. ಎಪ್ಪತ್ತು ದಿನಕ್ಕ 140 ಗುಳಿಗಿ, 14ರ ಸ್ಟ್ರಿಪ್ ಆದ್ರ ಹತ್ತು ಸ್ಟ್ರಿಪ್. ಮಗ ಮೂರು ತಂದಿದ್ದ, ಉಳದದ್ದು ಅಲ್ಲೇ ತಗೋತೀವಿ ಅಂದ. ಅಲ್ಲಿ ಡಾಕ್ಟರ್ ಚೀಟಿ ಬೇಕು, ಅಲ್ಲಿಯ ಡಾಕ್ಟರಿಗೆ ತೋರ್ಸಾಕ ಹೋಗೋ ತನಕ ಎರಡು ದಿನ ಗುಳಿಗಿ ಇಲ್ಲ ಅಂದ್ರ ಅದೇ ಎರಡು ದಿನದಾಗ ಸ್ಟೆಂಟ್ ಮುಚ್ಚಬಹುದು. ಪೂರಾ ಹತ್ತು ಸ್ಟ್ರಿಪ್ ತರ್ಸಿದೆ. ಲೆಟರ್‌ನಾಗ 60 ದಿನದ ಪ್ರಯಾಣ, ಹತ್ತು ದಿನದ್ದು ಹೆಚ್ಚಿಗಿ, ಸ್ವಂತ ಬಳಕಿಗೆ, 140 ಗುಳಿಗಿ ಅಂತ ಬರದೆ. ಇಷ್ಟು ಗುಳಿಗಿ ಯಾಕ್ ಒಯ್ತೀರಿ ಅಂತ ಕಸ್ಟಮ್ಸ್‌ನವರು ಕೇಳಿದ್ರ ಉತ್ತರ ಕಾಗದದಾಗೇ ಅದ.

ಮೂರನೇ ಓದುಗ, ಆ ಗುರ್ತಿಲ್ಲದ ಡಾಕ್ಟರಿಗಾಗಿ ಇದೇ ಟಿಕಾಗ್ರೆಲಾರ್ ಮುಂದ ಎರಡು ಮಾತು ಬರೀತೀನಿ. ಒಂದು, ಈ ಗುಳಿಗಿ ತಗೊಳ್ಳೋ ಕೆಲವರಿಗೆ ದಮ್ಮು ಹತ್ತಿದಂಗ ಆಗ್ತದ, ಅದು ಔಷಧಿದ ಗುಣ, ಹಾರ್ಟ್ ಫೇಲ್ ಆದದ್ದೇ ಅಂತಲ್ಲ. ಹಂಗಂತ ದಮ್ಮು ಬಂದಾಗೆಲ್ಲ ಗುಳಿಗಿದೇ ಅಂತ ಬಿಡಾಕೂ ಬರಲ್ಲ, ನೋಡ್ಬೇಕು, ಆದ್ರ ನೋಡೋರಿಗೆ ಇದು ಗೊತ್ತಿರ್ಬೇಕು. ಎರಡು, ಸ್ಟೆಂಟ್ ಹಾಕಿದ ತಾರೀಕಿನಿಂದ ಒಂದು ವರ್ಷದ ತನಕ ಹಾರ್ಟ್ ಡಾಕ್ಟರ್‌ನ ಕೇಳದೆ ಇದನ್ನಾಗ್ಲಿ ಆಸ್ಪಿರಿನ್ ಆಗ್ಲಿ ನಿಲ್ಲಸಬ್ಯಾಡ್ರಿ. ಹಲ್ಲು ಕೀಳಸಾಕ ಹೋದಾಗ ಒಂದು ವಾರ ರಕ್ತದ ಗುಳಿಗಿ ಬಿಡ್ರಿ ಅಂತ ಹೇಳಿದ್ದು ಕೇಳಿ ಬಿಟ್ಟು, ಮತ್ತ ಅಟ್ಯಾಕ್ ಆಗಿ ಬಂದವರನ್ನ ನಾನು ನೋಡೀನಿ. ಮಂಡಿ ನೋವಿಗಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡಬ್ಯಾಡ್ರಿ ಅಂತಾನೂ ಅಲ್ಲೇ ಬರೀತೀನಿ, ಬಾಣಂತನದಾಗ ಕೂಸು ಎತ್ತಿ ಎತ್ತಿ ಸೊಂಟ ನೋಯೋದು ಇದ್ದದ್ದೇ.

ಗಂಟಿನಾಗ ಇನ್ನೊಂದು ಸಣ್ಣ ಗುಳಿಗಿ ಇತ್ತು, ಅದು ಯಾವ ಚೀಟಿನಾಗೂ ಇಲ್ಲ. "ಇದೇನವ್ವ" ಅಂದೆ. "ಅದು ನಿದ್ದಿದು, ಆಸ್ಪತ್ರಿಯಿಂದ ಬಂದ ಮ್ಯಾಲೆ ನಿದ್ದಿ ಹತ್ತಲ್ಲಂದೆ, ಓಣಿಯಾಗಿನ ಡಾಕ್ಟರ್ ಕೊಟ್ಟಾರ." ಆಲ್ಪ್ರಜೋಲಾಮ್ 0.25. ನಮ್ಮ ಕಡಿ ಇದು ಸಾದಾ ಗುಳಿಗಿ ಅಂತ ಮಂದಿ ತಿಳ್ಕೊಂಡಾರ, ಆದ್ರ ಯುಎಇನಾಗ ಇದು ನಿಯಂತ್ರಿತ ಔಷಧಿ, ಮೊದ್ಲೇ ಆನ್‌ಲೈನ್‌ನಾಗ ಸರ್ಕಾರದ ಪರ್ಮಿಷನ್ ತಗೊಳ್ಳದೆ ಒಯ್ಯಂಗಿಲ್ಲ. ನೋವಿನ ಟ್ರಮಡಾಲ್, ಕೆಮ್ಮಿನ ಕೋಡೀನ್, ಕಾಲು ಉರಿ ಜುಮುಜುಮುಗೆ ಕೊಡೋ ಪ್ರಿಗ್ಯಾಬಲಿನ್ ಎಲ್ಲಾ ಇದೇ ಸಾಲಿನವು, ಶುಗರ್ ಇದ್ದವರ ಚೀಟಿನಾಗ ಆ ಕಡೇದು ಭಾಳ ಸಲ ಇರ್ತದ. ಹಾರ್ಟಿನ ಗುಳಿಗಿಗೆ ಯಾರೂ ತಡಿಯಲ್ಲ, ತಡಿಯೋದು ಇಂಥಾ ಒಂದು ಸಣ್ಣ ಸ್ಟ್ರಿಪ್ಪಿಗೆ. ಕೊಟ್ಟ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿದೆ, ತಗೊಳ್ಳಾಕ ಹತ್ತಿ ಒಂದು ವಾರ ಅಷ್ಟೇ ಆಗಿತ್ತು, ಮೂರು ರಾತ್ರಿ ಅರ್ಧ ಅರ್ಧ ಕೊಟ್ಟು ನಿಲ್ಲಿಸಿದ್ವಿ. ಭಾಳ ದಿನದಿಂದ ತಗೊಳ್ಳೋರು ಇದನ್ನ ತಾವೇ ಒಮ್ಮೆಲೇ ಬಿಡಬಾರ್ದು, ಅವರು ಪರ್ಮಿಷನ್ ತಗೊಂಡೇ ಒಯ್ಯಬೇಕು.

ಎಲ್ಲಿ ಇಡೋದು ಅನ್ನೋದೂ ಹೇಳ್ಲೇಬೇಕು. ಮಗಳಿಗಂತ ಒಯ್ಯೋ ದೊಡ್ಡ ಬ್ಯಾಗ್‌ನಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಂಟಿನುಂಡಿ ಎಲ್ಲಾ ಹೋಗ್ತದ, ಅದ್ರಾಗೇ ಒಂದು ಮೂಲ್ಯಾಗ ಗುಳಿಗಿ ತುರುಕ್ತಾರ. ಆ ಬ್ಯಾಗ್ ಒಂದಿನ ತಡ ಬಂದ್ರ ಎರಡು ಹೊತ್ತಿನ ಟಿಕಾಗ್ರೆಲಾರ್ ಹೋಯ್ತು. ಗುಳಿಗಿ ಎಲ್ಲಾ ಕೈಬ್ಯಾಗ್‌ನಾಗ, ಇನ್ಸುಲಿನ್ ತಗೊಳ್ಳೋರು ಅದನ್ನೂ ಕೈಬ್ಯಾಗ್‌ನಾಗೇ, ಕೆಳಗಿನ ಸಾಮಾನಿನಾಗ ಇಟ್ರ ಹೆಪ್ಪುಗಟ್ಟಿ ಕೆಡಬಹುದು. ಆದ್ರ ಸಾರ್ಬಿಟ್ರೇಟ್ ಕೈಬ್ಯಾಗ್‌ನಾಗೂ ಬ್ಯಾಡ. ಕೈಬ್ಯಾಗ್ ತಲಿ ಮ್ಯಾಲಿನ ಕಪಾಟಿನಾಗ ಇಡಸ್ತಾರ, ಬೆಲ್ಟ್ ಹಾಕ್ಕೋರಿ ಅನ್ನೋ ದೀಪ ಹತ್ತಿರುವಾಗ ಎದಿ ನೋವು ಬಂದ್ರ ಎದ್ದು ತಗೊಳ್ಳಾಕ ಆಗಲ್ಲ. ಅದು ಮೈಮ್ಯಾಲೆ ಇರ್ಬೇಕು, ಅವ್ವ ಸೊಂಟಕ್ಕ ಸಿಗ್ಸೋ ಎಲಿಅಡಿಕಿ ಚೀಲದಾಗ ಒಂದು ಪೂರಾ ಸ್ಟ್ರಿಪ್ ಇಟ್ಕೊಂಡ್ರು. ನೋವು ಬಂದ್ರ ಕುಂತಲ್ಲೇ ಒಂದು ನಾಲಿಗಿ ಕೆಳಗ, ಹಂಗೇ ಗುಂಡಿ ಒತ್ತಿ ವಿಮಾನದ ಹುಡುಗಿಯರನ್ನ ಕರೀಬೇಕು, ಐದು ನಿಮಿಷಕ್ಕ ಕಡಿಮಿ ಆಗ್ಲಿಲ್ಲಂದ್ರ ಇನ್ನೊಂದು. ತಲಿ ತಿರಗ್ತಿದ್ರ ಎರಡನೇದು ಬ್ಯಾಡ, ಬಿಪಿ ಇಳಿತದ. ನಿಂತು ತಗೊಳ್ಳೋದಂತೂ ಬ್ಯಾಡೇ ಬ್ಯಾಡ.

ಸ್ಟೆಂಟ್ ಇದ್ದವರು ಮೆಟಲ್ ಡಿಟೆಕ್ಟರ್‌ಗೆ ಅಂಜಬೇಕಾಗಿಲ್ಲ, ಅದು ಕೂಗಂಗಿಲ್ಲ, ಸ್ಟೆಂಟಿಗೂ ಏನಾಗಲ್ಲ. ಪೇಸ್‌ಮೇಕರ್ ಇದ್ದವರು ಮಾತ್ರ ಕಾರ್ಡ್ ತೋರ್ಸಿ, ಕೈಯಾಗಿನ ಮಷೀನ್ ಎದಿ ಮ್ಯಾಲೆ ಹಿಡಿಬ್ಯಾಡ್ರಿ ಅಂತ ಹೇಳ್ಬೇಕು.

ಲೆಟರಿನ ಕೊನೀಗೆ ಒಂದು ಸಾಲು ಬರೀತೀನಿ: ಇದು ಇವತ್ತಿನ ಪರೀಕ್ಷೆ ಮ್ಯಾಲೆ ಕೊಟ್ಟದ್ದು, ಹೊಸ ತೊಂದ್ರಿ ಬಂದ್ರ ಇದು ನಡಿಯಲ್ಲ. ಆ ಸಾಲನ್ನ ಅವ್ವಗ ಕನ್ನಡದಾಗ ಎರಡು ಸಲ ಹೇಳ್ದೆ. ಹೊಂಡೋ ದಿನ ಮುಂಜಾನಿನೂ ಸರಿ, ಎದಿ ಹಿಡದಂಗ ಆದ್ರ, ರಾತ್ರಿ ಮಲಗಾಕ ಆಗದೆ ಎದ್ದು ಕುಂತ್ರ, ಕಾಲು ಬಾತ್ರ, ಡಾಂಬರಿನಂಗ ಕರಿ ಸಂಡಾಸ ಆದ್ರ ವಿಮಾನ ಬ್ಯಾಡ, ಸೀದಾ ಆಸ್ಪತ್ರಿಗೆ. ಟಿಕೆಟ್ ರೊಕ್ಕ ಹೋಗ್ತದಂತ, ಮಗಳು ಬ್ಯಾಸರ ಮಾಡ್ಕೋತಾಳಂತ ಮುಚ್ಚಿಡಬ್ಯಾಡ್ರಿ. ಬಾಣಂತನಕ್ಕ ಹೊಂಟ ಅವ್ವಂದಿರು ನೋವು ನುಂಗೋದ್ರಾಗ ಭಾಳ ಗಟ್ಟಿ, ಅದೇ ನನಗ ಅಂಜಿಕಿ.

ಆಮ್ಯಾಲೆ ಹೊಂಡೋ ದಿನದ ಗಡಿಯಾರ ಕೂಡೇ ಹಾಕಿದ್ವಿ, ಯಾಕಂದ್ರ ನಮಗ ಪ್ರಯಾಣ ಅಂದ್ರ ವಿಮಾನದ ನಾಕು ತಾಸು ಅಷ್ಟೇ ಅಲ್ಲ, ಹುಮನಾಬಾದ್ ಜಹೀರಾಬಾದ್ ಮ್ಯಾಲೆ ಕಾರ್‌ನಾಗ ಐದಾರು ತಾಸು, ಏರ್‌ಪೋರ್ಟ್‌ನಾಗ ಮೂರು ತಾಸು, ಎಲ್ಲಾ ಕೂಡಿ ಕಾಲು ಮಡಚಿ ಕುಂತಿರೋದೇ. ಮುಂಜಾನಿ ಎಂಟರ ಗುಳಿಗಿ ಮನ್ಯಾಗ. ಜಹೀರಾಬಾದ್ ದಾಟಿದ ಮ್ಯಾಲೆ ಇಳದು ಹತ್ತು ನಿಮಿಷ ಅಡ್ಡಾಡೋದು, ಕಾಲಾಗ ರಕ್ತ ಹೆಪ್ಪುಗಟ್ಟಬಾರ್ದಂತ. ರಾತ್ರಿ ಎಂಟರದು ಏರ್‌ಪೋರ್ಟ್‌ನಾಗ, ಉಣ್ಣಾಕ ಸಿಗ್ಲಿ ಬಿಡ್ಲಿ. ಲೆಟರ್ ಮೂರು ಪ್ರತಿ: ಒಂದು ಕೈಬ್ಯಾಗ್, ಒಂದು ಪಾಸ್‌ಪೋರ್ಟ್ ಜೋಡಿ, ಒಂದು ಫೋಟೋ ಮಗಳ ಫೋನ್‌ನಾಗ. ಜೋಡಿಗೆ ಡಿಸ್ಚಾರ್ಜ್ ಸಮ್ಮರಿ, ಸ್ಟೆಂಟ್ ಕಾರ್ಡ್, ಹೊಸ ಇಸಿಜಿದ ಒಂದು ಜೆರಾಕ್ಸ್. ಆ ಇಸಿಜಿ ಹಾಳಿ ಮರೀಬ್ಯಾಡ್ರಿ, ಅಟ್ಯಾಕ್ ಆದವರ ಇಸಿಜಿ ಮೊದ್ಲೇ ಬದಲಾಗಿರ್ತದ, ಹಳೇದು ಕೈಯಾಗ ಇಲ್ಲಂದ್ರ ಆ ಊರಿನ ಡಾಕ್ಟರಿಗೆ ಹೊಸ ಅಟ್ಯಾಕೋ ಹಳೇ ಗುರ್ತೋ ಹೇಳಾಕ ಕಷ್ಟ.

ಹೋದ ಮಾರನೇ ದಿನ ಮಗಳೇ ಫೋನ್ ಹಚ್ಚಿದ್ಲು. ಕೌಂಟರ್‌ನಾಗ ಲೆಟರ್ ಓದಿ, ಸ್ಟೆಂಟ್ ತಾರೀಕು ಬೆರಳಿಟ್ಟು ಎಣಸಿ, ನಡಿಯಾಕ ಬರ್ತದೇನು ಅಂತ ಕೇಳಿ ಬಿಟ್ರಂತ. "ಮೇಡಂ, ಇಲ್ಲಿ ಟೈಮ್ ಒಂದೂವರೆ ತಾಸು ಹಿಂದ ಅದ, ಅವ್ವ ಎಂಟರ ಗುಳಿಗಿ ಇಲ್ಲಿ ಎಂಟಕ್ಕ ತಗೊಳ್ಳೋದೋ, ನಮ್ಮ ಊರಿನ ಎಂಟಕ್ಕೋ?" ಅಂದ್ಲು. ಇವತ್ತು ನಮ್ಮ ಊರಿನ ಎಂಟಕ್ಕ, ಅಂದ್ರ ನಿಮ್ಮ ಆರೂವರೆಗೆ ಕೊಡು, ನಾಳೆ ಏಳಕ್ಕ, ನಾಡಿದ್ದು ಏಳೂವರೆಗೆ, ಹಂಗ ಅರ್ಧರ್ಧ ತಾಸು ಸರಸ್ಕೋತ ಎಂಟಕ್ಕ ತಂದು ನಿಲ್ಸು ಅಂತ ಹೇಳ್ದೆ.